ತಿರುವಿನಲ್ಲಿ ನಮ್ಮನ್ನ ಹೊರಗೆ ತಳ್ಳೋರು ಯಾರು?

ಟಿ. ನರಸೀಪುರದಿಂದ ಮೂಗೂರಿಗೆ ಹೋಗೋ ಬಸ್ಸಲ್ಲಿ ನಿಂತಿದ್ದೀವಿ ಅಂದ್ಕೊಳ್ಳಿ. ಬಸ್ಸು ಬಲಗಡೆಗೆ ತಿರುಗುತ್ತೆ, ನಾವು ಎಡಗಡೆಗೆ ವಾಲ್ತೀವಿ. ಫಸ್ಟ್ ಇಯರ್‌ನಲ್ಲಿ ಇದರ ಫ್ರೀ ಬಾಡಿ ಡಯಾಗ್ರಾಮ್ ಬರೆಯುವಾಗ ನಮ್ಮಲ್ಲಿ ಸುಮಾರು ಜನ ಎಡಗಡೆಗೆ ಒಂದು ಬಾಣ ಹಾಕಿ ಮಾರ್ಕ್ಸ್ ಕಳ್ಕೊಂಡಿದ್ವಿ. ಆಗ ಎದ್ದ ಪ್ರಶ್ನೆಗಳು ಇವು.

ಹಾಗಾದ್ರೆ ಎಡಗಡೆಗೆ ತಳ್ಳಿದ್ದು ಯಾರು?

ಯಾರೂ ಅಲ್ಲ. ರಸ್ತೆ ಪಕ್ಕ ನಿಂತು ನೋಡಿದರೆ ನಮ್ಮ ದೇಹ ನೇರವಾಗಿ ಹೋಗ್ತಾ ಇರುತ್ತೆ. ಬಸ್ಸು ನಮ್ಮ ಕಾಲನ್ನು ಮಾತ್ರ ಬಲಗಡೆಗೆ ಎಳ್ಕೊಂಡು ಹೋಗುತ್ತೆ, ಮೇಲಿನ ದೇಹ ಹಿಂದೆ ಉಳಿಯುತ್ತೆ. ತಿರುಗುತ್ತಿರೋ ಬಸ್ಸಿನ ಒಳಗಿಂದಲೇ ಲೆಕ್ಕ ಮಾಡುವಾಗ ಮಾತ್ರ ಕೇಂದ್ರಾಪಗಾಮಿ ಬಲ ಸೇರಿಸಬೇಕು.

ಕೇಂದ್ರಾಭಿಗಾಮಿ ಬಲ ಅನ್ನೋದು ಇನ್ನೊಂದು ಬೇರೆ ಬಲವಾ?

ಅಲ್ಲ. ಅದು ಒಂದು ಕೆಲಸದ ಹೆಸರು. ಸಮತಟ್ಟಾದ ರಸ್ತೆಯಲ್ಲಿ ಆ ಕೆಲಸ ಮಾಡೋದು ಟೈರ್ ಮತ್ತು ರಸ್ತೆ ನಡುವಿನ ಘರ್ಷಣೆ. 10,000 ಕೆಜಿ ಬಸ್ಸು, 40 ಮೀಟರ್ ತ್ರಿಜ್ಯದ ತಿರುವು, ವೇಗ ಗಂಟೆಗೆ 36 ಕಿಮೀ, ಅಂದರೆ ಸೆಕೆಂಡಿಗೆ 10 ಮೀಟರ್ ಅಂತ ತಗೊಳ್ಳೋಣ. mv²/r ಪ್ರಕಾರ 25,000 ನ್ಯೂಟನ್ ಬೇಕು. ಇದು ಬಸ್ಸಿನ ತೂಕದ ಕಾಲು ಭಾಗ, ಟೈರ್ ಆರಾಮಾಗಿ ಕೊಡುತ್ತೆ. ವೇಗ ಎರಡು ಪಟ್ಟಾದ್ರೆ ನಾಲ್ಕು ಪಟ್ಟು ಬೇಕು, ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ತೂಕದಷ್ಟು. ಮಳೆಯಲ್ಲಿ ನೆನೆದ ರಸ್ತೆ ಅಷ್ಟು ಕೊಡಲ್ಲ. ಆಗ ಬಸ್ಸನ್ನ ಯಾರೋ ಹೊರಗೆ ಎಸೆಯಲ್ಲ. ತಿರುಗಿಸೋಕೆ ಬಲ ಸಾಲದೆ ಅದು ನೇರಕ್ಕೆ ಜಾರುತ್ತೆ.

ಕೇಂದ್ರಾಭಿಗಾಮಿಗೆ ಪ್ರತಿಕ್ರಿಯೆಯೇ ಕೇಂದ್ರಾಪಗಾಮಿ ತಾನೇ?

ಅಲ್ಲ. ರಸ್ತೆ ಟೈರನ್ನ ಒಳಕ್ಕೆ ತಳ್ಳಿದರೆ, ಟೈರ್ ರಸ್ತೆಯನ್ನ ಹೊರಕ್ಕೆ ತಳ್ಳುತ್ತೆ. ಜೋಡಿ ಇದು. ಎರಡನೇ ಬಲ ರಸ್ತೆಯ ಮೇಲಿದೆ, ಬಸ್ಸಿನ ಮೇಲಲ್ಲ.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಜನ ತೇರು ಎಳೀತಾರೆ. ತೇರೂ ಅಷ್ಟೇ ಬಲದಿಂದ ಜನರನ್ನ ಎಳೆದರೆ ಅದು ಹೊರಡೋದು ಹೇಗೆ?

ಆ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲಿವೆ, ಹಾಗಾಗಿ ಒಂದನ್ನೊಂದು ಕಳೆಯೋ ಹಾಗಿಲ್ಲ. ತೇರಿನ ಲೆಕ್ಕಕ್ಕೆ ಬರೋದು ಹಗ್ಗದ ಎಳೆತ ಮತ್ತು ಚಕ್ರಕ್ಕೆ ಆಗೋ ತಡೆ. ಎಳೆತ ಜಾಸ್ತಿಯಾದ್ರೆ ತೇರು ಹೊರಡುತ್ತೆ. ಜನ ಹಿಂದಕ್ಕೆ ಜಾರದೆ ಇರೋದು ಅವರು ಕಾಲಲ್ಲಿ ನೆಲವನ್ನ ಹಿಂದಕ್ಕೆ ಒತ್ತೋದರಿಂದ, ನೆಲ ಅವರನ್ನ ಮುಂದಕ್ಕೆ ಒತ್ತುತ್ತೆ.

ತೇರು ಹೊರಡದಂತೆ ತಡೆಯೋದು ಜಡತ್ವದ ಬಲ ಅಲ್ವಾ?

ಜಡತ್ವ ಬಲವೇ ಅಲ್ಲ, ಅದಕ್ಕೆ ಬಾಣ ಹಾಕೋ ಹಾಗಿಲ್ಲ. ಅದರ ಅಳತೆ ದ್ರವ್ಯರಾಶಿ. ಘರ್ಷಣೆ ಇಲ್ಲದಿದ್ರೆ ಒಬ್ಬರೇ ಎಳೆದರೂ ತೇರು ಹೊರಡುತ್ತಿತ್ತು, ಬಹಳ ನಿಧಾನಕ್ಕೆ ವೇಗ ಏರುತ್ತಿತ್ತು ಅಷ್ಟೆ. ನಿಂತ ತೇರನ್ನ ಹಿಡಿದಿಡೋದು ಘರ್ಷಣೆ. ನಿಧಾನಕ್ಕೆ ವೇಗ ಏರೋ ಹಾಗೆ ಮಾಡೋದು ಜಡತ್ವ.

ಈಗ ನಾವು ಪ್ರತಿ ಬಾಣಕ್ಕೂ ಒಂದೇ ಪ್ರಶ್ನೆ ಕೇಳ್ತೀವಿ: ಇದನ್ನ ಯಾರು, ಯಾರ ಮೇಲೆ ಹಾಕ್ತಿದ್ದಾರೆ? ಉತ್ತರದಲ್ಲಿ ಎರಡು ವಸ್ತುಗಳ ಹೆಸರು ಬರದಿದ್ರೆ ಆ ಬಾಣ ಅಳಿಸ್ತೀವಿ.