ದುಭಾಷಿ ಜೊತೆಗಿರುವ ಭಾಷಣ: ಬರೆಯುವ ಕ್ರಮ

ಅಸ್ಸಾಮಿನಿಂದ ಅಡಿಕೆ ಬೆಳೆಗಾರರ ತಂಡವೊಂದು ನಿಮ್ಮ ತೋಟ ನೋಡಲು ಬರುತ್ತಿದೆ ಎಂದಿಟ್ಟುಕೊಳ್ಳಿ. ಕೊಳೆರೋಗದ ಬಗ್ಗೆ ನೀವು ಕನ್ನಡದಲ್ಲಿ ಮಾತಾಡಬೇಕು, ಪಕ್ಕದಲ್ಲಿ ನಿಂತವರು ಒಂದೊಂದೇ ವಾಕ್ಯವನ್ನು ಹಿಂದಿಗೆ ತರುತ್ತಾರೆ. ನಿಮಗೆ ಕೊಟ್ಟಿರುವುದು 20 ನಿಮಿಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದುಭಾಷಿಗೇ ಹೋಗುತ್ತದೆ. ಹಾಗಾಗಿ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದಾಗ 9 ನಿಮಿಷಕ್ಕೆ ಮುಗಿಯುವಷ್ಟೇ ಬರೆಯಿರಿ.

ಮೊದಲ ಕರಡನ್ನು ಹೇಗೆ ಬಂತೋ ಹಾಗೆ ಬರೆದುಬಿಡಿ. ಅದರಲ್ಲಿ ಇಂಥದ್ದೊಂದು ವಾಕ್ಯ ಖಂಡಿತ ಇರುತ್ತದೆ: ‘ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ, 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣವನ್ನು ಗೊನೆ ಪೂರ್ತಿ ತೋಯುವಂತೆ ಹೊಡೆಯದೆ ಹೋದರೆ ಕೊಳೆ ತಡೆಯುವುದು ಕಷ್ಟ.’ ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ‘ಹೊಡೆಯದೆ’ ಎಂಬ ನಿಷೇಧವೂ ಕೊನೆಗೇ. ಉಸಿರಿಗೆಂದು ನೀವು ‘ದ್ರಾವಣವನ್ನು’ ಹತ್ತಿರ ನಿಂತರೆ, ಹೊಡೆಯಬೇಕೋ ಬೇಡವೋ ಎಂಬುದು ದುಭಾಷಿಗೆ ಇನ್ನೂ ಗೊತ್ತಿರುವುದಿಲ್ಲ.

ಅದನ್ನು ಹೀಗೆ ಒಡೆಯಿರಿ:

ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಹೊಡೆಯುತ್ತೇವೆ.
ದ್ರಾವಣಕ್ಕೆ 100 ಲೀಟರ್ ನೀರು ಬೇಕು.
ಆ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೇಕು.
ದ್ರಾವಣವನ್ನು ಮೊದಲ ಸಲ ಮಳೆಗಾಲಕ್ಕೆ ಮುಂಚೆ ಹೊಡೆಯುತ್ತೇವೆ.
ಎರಡನೇ ಸಲ 40–45 ದಿನ ಬಿಟ್ಟು ಹೊಡೆಯುತ್ತೇವೆ.
ಎರಡೂ ಸಲ ಗೊನೆ ಪೂರ್ತಿ ತೋಯಬೇಕು.

‘ಹೊಡೆಯುತ್ತೇವೆ’ ಮತ್ತೆ ಮತ್ತೆ ಬಂತಲ್ಲ ಎಂದು ತಿದ್ದಲು ಹೋಗಬೇಡಿ. ಓದಲು ಬೋಳಾಗಿ ಕಂಡರೂ ಕೇಳುವಾಗ ಸರಿಯಿರುತ್ತದೆ. ಹಾಗೆಯೇ ‘ಎರಡನೆಯದು’, ‘ಅದೂ ಅಷ್ಟೇ’ ಎಂದು ಮೊಟಕು ಮಾಡುವುದೂ ಬೇಡ. ನಿಮ್ಮ ಎರಡು ವಾಕ್ಯಗಳ ನಡುವೆ ಇನ್ನೊಬ್ಬರ ಮಾತು ಬಂದುಹೋಗಿರುತ್ತದೆ; ‘ಅದು’ ಯಾವುದೆಂದು ಕೇಳುಗರಿಗೆ ಮರೆತಿರುತ್ತದೆ.

ಮುಂದಿನ ಕೆಲಸ ಸ್ವಲ್ಪ ಕಹಿ. ಅಡಿಕೆಯ ಸಭೆ ಎಂದಮೇಲೆ ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎನ್ನಬೇಕೆಂದು ನಾಲಿಗೆ ತುರಿಸುತ್ತದೆ. ಹೊಡೆದುಹಾಕಿ. ಕನ್ನಡದವರು ನಗುತ್ತಾರೆ, ಅತಿಥಿಗಳು ಮುಖ ಮುಖ ನೋಡುತ್ತಾರೆ, ದುಭಾಷಿ ಪ್ರಾಸ ಬಿಟ್ಟು ವಿವರಣೆಗೆ ಇಳಿಯುತ್ತಾರೆ. ಶ್ಲೇಷೆಯ ಗತಿಯೂ ಇದೇ. ನಗಿಸಲೇಬೇಕೆಂದಿದ್ದರೆ ನಡೆದ ಪ್ರಸಂಗವೊಂದನ್ನು ಹೇಳಿ: ಔಷಧಿ ಹೊಡೆದು ಮರದಿಂದ ಇಳಿದವನನ್ನು ಮನೆಯ ನಾಯಿಯೇ ಗುರುತಿಸದೆ ಬೊಗಳಿದ್ದು ಯಾವ ಭಾಷೆಯಲ್ಲೂ ನಗು ತರಿಸುತ್ತದೆ.

ಬರೆದದ್ದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಸಾಲು ಓದಿ, ಕಾಗದ ನೋಡದ ಒಬ್ಬರಿಂದ ಅದನ್ನೇ ತಿರುಗಿ ಹೇಳಿಸಿ. ಅಂಕಿಯೋ ಹೆಸರೋ ಬಿಟ್ಟುಹೋದರೆ ಆ ಸಾಲನ್ನು ಇನ್ನೊಮ್ಮೆ ಒಡೆಯಿರಿ.

ಪ್ರತಿ ವಾಕ್ಯಕ್ಕೂ ಬೇರೆ ಸಾಲು ಕೊಟ್ಟು, ನಡುವೆ ಜಾಗ ಬಿಟ್ಟು, ದಪ್ಪ ಅಕ್ಷರದಲ್ಲಿ ಮುದ್ರಿಸಿ. ಒಂದು ಪ್ರತಿ ಹಿಂದಿನ ದಿನವೇ ದುಭಾಷಿಯ ಕೈಸೇರಲಿ. ಮೈಲುತುತ್ತಕ್ಕೆ ಅತಿಥಿಗಳ ಕಡೆ ಏನನ್ನುತ್ತಾರೆ ಎಂದು ವಿಚಾರಿಸಿಕೊಳ್ಳಲು ಅವರಿಗೂ ಸಮಯ ಬೇಕು. ವೇದಿಕೆಯಲ್ಲಿ ಹೊಸದೇನಾದರೂ ಹೊಳೆದರೆ ಬರೆದದ್ದನ್ನೆಲ್ಲ ಮುಗಿಸಿದ ಮೇಲೆ ಹೇಳಿ. ನಡುವೆ ತುರುಕಿದರೆ ಅವರು ಕಾಗದದಲ್ಲಿ ಸಾಲು ಹುಡುಕುತ್ತಾ ನಿಲ್ಲುತ್ತಾರೆ.