ರಜಾದಿನದ ದುಡಿಮೆ: ದುಪ್ಪಟ್ಟು ವೇತನವೋ, ಬದಲಿ ರಜೆಯೋ?

ಮಂಡ್ಯ ಜಿಲ್ಲೆಯ ಅನೇಕ ಉದ್ಯೋಗಗಳು ರಜಾದಿನದಂದು ಬಾಗಿಲು ಹಾಕುವಂಥವಲ್ಲ. ಗೆಜ್ಜಲಗೆರೆಯ ಡೇರಿಗೆ ಹಬ್ಬದ ದಿನವೂ ಹಾಲು ಬರುತ್ತದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಗಾಣವನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿ ಮತ್ತೆ ಹೂಡುವುದು ದುಬಾರಿ ಕೆಲಸ. ಮದ್ದೂರಿನ ಹೆದ್ದಾರಿ ಹೋಟೆಲುಗಳಿಗಂತೂ ಊರಿಗೆಲ್ಲ ರಜೆ ಇರುವ ದಿನವೇ ಗಿರಾಕಿ ಹೆಚ್ಚು. ಇಂಥ ದಿನ ದುಡಿದ ನೌಕರನಿಗೆ ಏನು ಸಲ್ಲಬೇಕು, ಅದನ್ನು ಹೇಗೆ ಲೆಕ್ಕ ಹಾಕಬೇಕು ಮತ್ತು ದಾಖಲೆ ಹೇಗಿರಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಹಂತ 1: ಯಾವ ರಜೆ ಎಂಬುದನ್ನು ಗುರುತಿಸುವುದು

ಖಾಸಗಿ ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ರಜಾದಿನಗಳನ್ನು ನಿರ್ಧರಿಸುವುದು 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾದಿನಗಳ ಅಧಿನಿಯಮ. ಇದರ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ಎಲ್ಲರಿಗೂ ಅನ್ವಯಿಸುವ ರಜೆಗಳು. ಇವುಗಳ ಜೊತೆಗೆ ಐದು ಹಬ್ಬದ ರಜೆಗಳಿದ್ದು, ಅವು ಯಾವುವೆಂಬುದು ಆಡಳಿತ ಮತ್ತು ನೌಕರರೊಂದಿಗಿನ ಸಮಾಲೋಚನೆಯ ನಂತರ ನಿರೀಕ್ಷಕರ ಮಟ್ಟದಲ್ಲಿ ನಿಗದಿಯಾಗುತ್ತದೆ. ಈ ಹತ್ತೂ ದಿನಗಳು ಸಂಬಳಸಹಿತ ರಜೆಗಳು.

ಇಲ್ಲಿ ಎರಡು ಗೊಂದಲಗಳು ಸಾಮಾನ್ಯ. ಸರ್ಕಾರಿ ಕಚೇರಿಗಳ ರಜಾಪಟ್ಟಿ ಇದಕ್ಕಿಂತ ಉದ್ದವಾಗಿರುವುದರಿಂದ, ತಾಲ್ಲೂಕು ಕಚೇರಿಗೆ ರಜೆ ಇದ್ದ ಮಾತ್ರಕ್ಕೆ ಕಾರ್ಖಾನೆಯಲ್ಲಿ ಅಂದು ದುಡಿದವರಿಗೆ ದುಪ್ಪಟ್ಟು ವೇತನ ಸಲ್ಲಬೇಕೆಂದಾಗುವುದಿಲ್ಲ. ಸಂಸ್ಥೆಯ ಸೂಚನಾ ಫಲಕದಲ್ಲಿರುವ ಪಟ್ಟಿಯೇ ಇಲ್ಲಿ ಆಧಾರ. ಎರಡನೆಯದಾಗಿ, ವಾರದ ರಜೆಯು ಈ ಹತ್ತು ದಿನಗಳಿಂದ ಬೇರೆಯಾದ ಹಕ್ಕು. ಕಾರ್ಖಾನೆಯಲ್ಲಿ ವಾರದ ರಜೆ ತಪ್ಪಿದರೆ ಅದೇ ತಿಂಗಳಲ್ಲಿ ಅಥವಾ ಮುಂದಿನ ಎರಡು ತಿಂಗಳೊಳಗೆ ಪರಿಹಾರ ರಜೆ ಕೊಡಬೇಕೆಂಬ ಪ್ರತ್ಯೇಕ ನಿಯಮವಿದೆ.

ಹಂತ 2: ಎರಡು ದಾರಿಗಳ ಬೆಲೆಯನ್ನು ಲೆಕ್ಕ ಹಾಕುವುದು

ರಜಾದಿನದಂದು ದುಡಿದ ನೌಕರನಿಗೆ ಆ ದಿನದ ದುಪ್ಪಟ್ಟು ವೇತನ ಸಲ್ಲಬೇಕು. ಇಲ್ಲವೇ ಆ ದಿನದ ವೇತನದೊಂದಿಗೆ ಮತ್ತೊಂದು ದಿನ ಸಂಬಳಸಹಿತ ಬದಲಿ ರಜೆ ಸಿಗಬೇಕು. ಬದಲಿ ರಜೆ ಎಂದರೆ ಕಳೆದುಕೊಂಡ ರಜೆಯ ಸ್ಥಾನದಲ್ಲಿ ಸಂಬಳ ಕಡಿತವಿಲ್ಲದೆ ಪಡೆಯುವ ಇನ್ನೊಂದು ಪೂರ್ಣ ದಿನ.

ಮದ್ದೂರಿನ ಹೋಟೆಲೊಂದರ ಅಡುಗೆ ಭಟ್ಟರೊಬ್ಬರ ತಿಂಗಳ ಸಂಬಳ 18,200 ರೂಪಾಯಿ ಎಂದು ಭಾವಿಸಬಹುದು. ವಾರದ ರಜೆಗಳನ್ನು ಕಳೆದು ತಿಂಗಳಿಗೆ 26 ದಿನವೆಂದು ಭಾಗಿಸುವುದು ರೂಢಿಯಾದ್ದರಿಂದ ಅವರ ದಿನದ ವೇತನ 700 ರೂಪಾಯಿ ಆಗುತ್ತದೆ. ಅವರು ಅಕ್ಟೋಬರ್ 2ರಂದು ದುಡಿದರೆ ಆ ದಿನಕ್ಕೆ ಸಲ್ಲಬೇಕಾದದ್ದು 1,400 ರೂಪಾಯಿ. ಇದರಲ್ಲಿ 700 ರೂಪಾಯಿ ತಿಂಗಳ ಸಂಬಳದೊಳಗೇ ಸೇರಿರುವುದರಿಂದ ಹೆಚ್ಚುವರಿಯಾಗಿ ಇನ್ನೊಂದು 700 ಸೇರಿ, ಆ ತಿಂಗಳ ಒಟ್ಟು ಸಂಬಳ 18,900 ಆಗಬೇಕು. ಬದಲಿ ರಜೆಯನ್ನು ಒಪ್ಪಿದರೆ ಸಂಬಳ 18,200 ಆಗಿಯೇ ಉಳಿದು, ಬೇರೆ ಒಂದು ದಿನ ಅವರು ಮನೆಯಲ್ಲಿರುತ್ತಾರೆ. ದಿನಗೂಲಿಯ ಸಹಾಯಕನ ಕೂಲಿ 600 ರೂಪಾಯಿಯಾದರೆ, ಮೊದಲನೆಯ ದಾರಿಯಲ್ಲಿ ಅಂದೇ 1,200 ಸಿಗುತ್ತದೆ. ಎರಡನೆಯ ದಾರಿಯಲ್ಲಿ ಅಂದು 600 ಮತ್ತು ಕೆಲಸಕ್ಕೆ ಬಾರದ ಬದಲಿ ರಜೆಯ ದಿನಕ್ಕೆ ಮತ್ತೆ 600 ಸಿಗಬೇಕು.

ಹೀಗೆ ಎರಡೂ ದಾರಿಗಳ ಬೆಲೆ ಒಂದೇ ಆಗಿದ್ದು, ವ್ಯತ್ಯಾಸವಿರುವುದು ಅದು ಕೈಸೇರುವ ಹೊತ್ತಿನಲ್ಲಿ: ಹಣ ಆ ತಿಂಗಳೇ ಬರುತ್ತದೆ, ರಜೆ ಮುಂದೆಂದೋ ಬರುತ್ತದೆ. ರಜಾದಿನದಂದು ನಿಗದಿತ ಅವಧಿಗಿಂತ ಹೆಚ್ಚು ಹೊತ್ತು ದುಡಿಸಿಕೊಂಡರೆ ಆ ಹೆಚ್ಚುವರಿ ಗಂಟೆಗಳ ಓಟಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು.

ಹಂತ 3: ಕೆಲಸದ ಸ್ವರೂಪಕ್ಕೆ ತಕ್ಕಂತೆ ಆರಿಸುವುದು

ಕಾಯಂ ಆಳುಬಲವಿದ್ದು ಪಾಳಿ ಬದಲಿಸಲು ಸಾಧ್ಯವಿರುವ ಸಿದ್ಧ ಉಡುಪು ಘಟಕದಲ್ಲಿ ಬದಲಿ ರಜೆಯನ್ನು ಸುಲಭವಾಗಿ ಹೊಂದಿಸಬಹುದು. ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವ ಕಾರ್ಮಿಕರಿಗೆ ಊರ ಮಾರಿಹಬ್ಬವೋ ನಾಟಿಯ ಕೆಲಸವೋ ಯಾವ ರಜಾಪಟ್ಟಿಯಲ್ಲೂ ಇರದ ಕಾರಣ, ಆ ದಿನಕ್ಕೇ ಹೊಂದಿಸಿದ ಬದಲಿ ರಜೆ ಹಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ಹಂಗಾಮಿನ ನಡುವಿರುವ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಕಾರ್ಮಿಕರೆಲ್ಲರಿಗೂ ಬದಲಿ ರಜೆ ಬಾಕಿ ಉಳಿಸಿಕೊಂಡರೆ, ಅದನ್ನು ತೀರಿಸಲು ಹಂಗಾಮು ಮುಗಿಯುವವರೆಗೂ ಜಾಗವಿರುವುದಿಲ್ಲ. ಹಂಗಾಮಿನ ಕೊನೆಗೆ ಮನೆಗೆ ಹೋಗುವ ಕಾರ್ಮಿಕನಿಗೆ ಆಮೇಲಿನ ರಜೆ ಇದ್ದೂ ಇಲ್ಲದಂತೆ. ಅಂಥಲ್ಲಿ ಹಣ ಕೊಡುವುದೇ ಸರಿಯಾದ ದಾರಿ.

ಹಂತ 4: ರಜೆಗೆ ಮುಂಚೆಯೇ ಬರೆದಿಡುವುದು

ತಗಾದೆಗಳು ಹುಟ್ಟುವುದು ಹೆಚ್ಚಾಗಿ ಬಾಯಿಮಾತಿನ ಒಪ್ಪಂದಗಳಿಂದ. ಆದುದರಿಂದ ರಜೆಗೆ ಕೆಲವು ದಿನ ಮುಂಚೆಯೇ ಒಂದು ಹಾಳೆಯಲ್ಲಿ ನೌಕರನ ಹೆಸರು, ದುಡಿಯಬೇಕಾದ ರಜಾದಿನ, ಹಣವೋ ರಜೆಯೋ ಎಂಬ ಆಯ್ಕೆ ಮತ್ತು ರಜೆಯಾದರೆ ಅದರ ತಾರೀಖನ್ನು ಬರೆದು, ಇಬ್ಬರೂ ಸಹಿ ಹಾಕಿ, ನೌಕರನಿಗೂ ಒಂದು ಪ್ರತಿ ಕೊಡುವುದು ಒಳ್ಳೆಯದು. ಮೇಲಿನ ಭಟ್ಟರ ವಿಷಯದಲ್ಲಿ ಬರಹವು ಹೀಗಿರಬಹುದು: "ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಕೆಲಸ ಮಾಡುವುದಕ್ಕೆ ಬದಲಾಗಿ ಅಕ್ಟೋಬರ್ 13ರಂದು ಸಂಬಳಸಹಿತ ರಜೆ ನೀಡಲಾಗುವುದು. ಅಂದು ರಜೆ ನೀಡಲಾಗದಿದ್ದರೆ ಒಂದು ದಿನದ ವೇತನವನ್ನು ಅಕ್ಟೋಬರ್ ಸಂಬಳದ ಜೊತೆ ಪಾವತಿಸಲಾಗುವುದು." ಈ ಕೊನೆಯ ವಾಕ್ಯವಿದ್ದರೆ, ಭಟ್ಟರು ಕೆಲಸ ಬಿಟ್ಟುಹೋಗುವ ಸಂದರ್ಭದಲ್ಲಿಯೂ ಬಾಕಿ ರಜೆಯ ಲೆಕ್ಕ ತಕರಾರಿಲ್ಲದೆ ತೀರುತ್ತದೆ.

ಹಂತ 5: ಹಾಜರಿ ಪುಸ್ತಕ ಮತ್ತು ಸಂಬಳ ಚೀಟಿಯನ್ನು ತಾಳೆ ನೋಡುವುದು

ಕೊಟ್ಟಂತೆ ತೋರಿ ಕೊಡದೆ ಉಳಿಯುವ ಬದಲಿ ರಜೆಯನ್ನು ಮೂರು ಲಕ್ಷಣಗಳಿಂದ ಪತ್ತೆ ಹಚ್ಚಬಹುದು. ಮೊದಲನೆಯದು, ಬದಲಿ ರಜೆಯ ದಿನವನ್ನು ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಎಂದು ಗುರುತಿಸಿರುವುದು. ಆಗ ಸಂಬಳ ಚೀಟಿಯಲ್ಲಿ ವೇತನಕ್ಕೆ ಪರಿಗಣಿಸಿದ ದಿನಗಳು ಒಂದು ಕಡಿಮೆ ಇರುತ್ತವೆ ಮತ್ತು ಭಟ್ಟರ ಸಂಬಳ 18,200ರ ಬದಲು 17,500 ಆಗಿರುತ್ತದೆ. ಎರಡನೆಯದು, ಹೇಗೂ ಬರಬೇಕಿದ್ದ ವಾರದ ರಜೆಯನ್ನೇ ಬದಲಿ ರಜೆಯೆಂದು ಬರೆದಿರುವುದು. ಆ ವಾರ ನೌಕರನಿಗೆ ಎರಡು ದಿನದ ಬದಲು ಒಂದೇ ದಿನ ಬಿಡುವು ಸಿಕ್ಕಿದ್ದರೆ ಈ ತಪ್ಪು ಆಗಿದೆಯೆಂದು ತಿಳಿಯಬೇಕು. ಮೂರನೆಯದು, ಗಳಿಕೆ ರಜೆಯಿಂದ, ಅಂದರೆ ದುಡಿದ ದಿನಗಳ ಲೆಕ್ಕದಲ್ಲಿ ಸೇರುತ್ತ ಬರುವ ವಾರ್ಷಿಕ ರಜೆಯಿಂದ, ಒಂದು ದಿನ ಕಳೆದಿರುವುದು. ಇದು ರಜಾ ಖಾತೆಯ ಉಳಿಕೆಯನ್ನು ನೋಡಿದರೆ ಗೊತ್ತಾಗುತ್ತದೆ. ಹಾಜರಿ ಪುಸ್ತಕದಲ್ಲಿ ಬದಲಿ ರಜೆಗೆ ಬೇರೆಯದೇ ಗುರುತು ಬಳಸಿ, ಅದರ ಪಕ್ಕದಲ್ಲಿ ಯಾವ ರಜಾದಿನದ ಬದಲಿ ಎಂಬುದನ್ನು ಬರೆದರೆ ಮೂರೂ ತಪ್ಪುಗಳು ತಪ್ಪುತ್ತವೆ.

ಹಂತ 6: ಬಾಕಿ ಬಾರದಿದ್ದಾಗ

ಮೊದಲು ಆಡಳಿತಕ್ಕೆ ಲಿಖಿತ ಮನವಿ ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಬೇಕು. ಅದರಿಂದ ಫಲ ದೊರೆಯದಿದ್ದರೆ, ಸಂಸ್ಥೆಯ ರಜಾಪಟ್ಟಿ, ರಜಾದಿನದಂದು ದುಡಿದುದಕ್ಕೆ ಹಾಜರಿಯ ಪುರಾವೆ, ಆ ತಿಂಗಳ ಸಂಬಳ ಚೀಟಿ ಮತ್ತು ಮನವಿಯ ಪ್ರತಿಯೊಂದಿಗೆ ಆಯಾ ವ್ಯಾಪ್ತಿಯ ಕಾರ್ಮಿಕ ನಿರೀಕ್ಷಕರಿಗೆ ದೂರು ಸಲ್ಲಿಸಬಹುದು. ದೂರಿನಲ್ಲಿ ದಿನದ ವೇತನ, ದುಡಿದ ರಜಾದಿನದ ತಾರೀಖು ಮತ್ತು ಬರಬೇಕಾದ ಮೊತ್ತ ಈ ಮೂರನ್ನು ಸ್ಪಷ್ಟವಾಗಿ ಬರೆದಿದ್ದರೆ ನಿರೀಕ್ಷಕರು ಅವನ್ನು ನೇರವಾಗಿ ಸಂಸ್ಥೆಯ ಪುಸ್ತಕಗಳೊಂದಿಗೆ ತಾಳೆ ನೋಡಬಹುದು.