ಕಣ್ಣಿಗೆ ಹಿಡಿಸಿದ್ದಕ್ಕೆ ಅಂಕ ಎಷ್ಟು?

ಯಡ್ರಾವದ ಸಹೋದರರಿಗೆ,

ಶರ್ಟಿಂಗ್ ಡಿಸೈನ್ ಮಾಡುವ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಎರಡು ಅಂಕ ಕೊಟ್ಟಿದ್ದೀರಿ. ಎರಡು ಸಿಕ್ಕವನು "ಯಾಕ್ರೀ?" ಎಂದಾಗ ನಿಮ್ಮಲ್ಲಿ ಉತ್ತರವಿರಲಿಲ್ಲ. ನಾನಾದರೆ ಆ ಅಂಕವನ್ನು ಸದ್ಯಕ್ಕೆ ತಡೆಹಿಡಿಯುತ್ತೇನೆ.

ಮೊದಲು ರುಚಿಗೆ ಸಂಬಂಧವಿಲ್ಲದ್ದನ್ನು ಬೇರೆ ಮಾಡಿ. ನಿಮ್ಮ ಡಾಬಿಯಲ್ಲಿ ಹದಿನಾರು ಹಲಗೆಗಳಿದ್ದು, ಡಿಸೈನ್ ಇಪ್ಪತ್ತು ಕೇಳಿದರೆ ಅದು ನೇಯಲಾಗದು. ಚೌಕಳಿ ಹೊಲಿಗೆಯಲ್ಲಿ ಕೂಡುತ್ತದೆಯೇ, ಸ್ಯಾಂಪಲ್ ಎಷ್ಟು ಸಲ ವಾಪಸ್ ಬಂತು, ಇವನ್ನೆಲ್ಲ ನೇಯ್ಗೆ ಮಾಸ್ತರರ ವಹಿಯೇ ಹೇಳುತ್ತದೆ.

ಉಳಿದದ್ದಕ್ಕೆ ಇಬ್ಬರದೂ ಆರಾರು ಬಟ್ಟೆತುಂಡು ತಗೊಳ್ಳಿ, ಹೆಸರು ಮುಚ್ಚಿ ಸಂಖ್ಯೆ ಅಂಟಿಸಿ. ಆಯ್ಕೆ ಹುಡುಗರದಲ್ಲ, ನಿಮ್ಮದೂ ಅಲ್ಲ. ವರ್ಷದ ಪಟ್ಟಿಯಿಂದ ಎರಡು ತಿಂಗಳಿಗೊಂದರಂತೆ ಎತ್ತಿ. ನೇಯ್ಗೆ ಮಾಸ್ತರ, ಮಾರಾಟದವರೊಬ್ಬರು, ಹೊರಗಿನ ಒಬ್ಬ ಡಿಸೈನರ್ ಎರಡೆರಡನ್ನು ಪಕ್ಕಪಕ್ಕದಲ್ಲಿಟ್ಟು "ಕೇಳಿದ ಗಿರಾಕಿಗೆ ಯಾವುದು ಒಪ್ಪುತ್ತದೆ?" ಎಂದು ಬೇರೆಬೇರೆ ಕೂತು ಬರೆಯಲಿ. ಹತ್ತಕ್ಕೆ ಇಷ್ಟು ಎನ್ನುವುದಕ್ಕಿಂತ ಎರಡನ್ನು ಹೋಲಿಸುವುದು ಕಣ್ಣಿಗೆ ಸುಲಭ. ಒಟ್ಟಿಗೆ ಕೂಡಿಸಿದರೆ ಮೊದಲು ಮಾತಾಡಿದವರ ಕಡೆಗೇ ಎಲ್ಲರೂ ವಾಲುತ್ತಾರೆ. (ಮಾಲೀಕರಾದ ನೀವು ಅಲ್ಲಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.)

ಮೂವರೂ ಒಂದೇ ಕಡೆ ಇದ್ದರೆ ಅಂಕ ಗಟ್ಟಿ. ಒಡೆದರೆ ಸರಾಸರಿ ತೆಗೆಯಬೇಡಿ, ಕಾರಣ ಕೇಳಿ: ಅನೇಕ ಸಲ ಗಿರಾಕಿಗೆ ಏನು ಬೇಕೆಂದು ನೀವೇ ಸ್ಪಷ್ಟವಾಗಿ ಹೇಳಿರುವುದಿಲ್ಲ. ಅಂಥ ತುಂಡಿಗೆ ಹುಡುಗನ ಅಂಕ ಕಡಿಯಬೇಡಿ. ಮಾರಾಟವಾದ ಮೀಟರುಗಳನ್ನೂ ಒಂದೇ ಅಳತೆಯಾಗಿ ಹಿಡಿಯಬೇಡಿ. ನೂಲಿನ ದರ ಏರಿದ ತಿಂಗಳಲ್ಲಿ ಚಂದದ ಡಿಸೈನೂ ಗೋದಾಮಿನಲ್ಲಿ ಕೂರುತ್ತದೆ.